ಬಿದ್ದರೂ ಮೀಸೆ ಮಣ್ಣಾಗಬಾರದು

ಕೆಲವು ವರ್ಷಗಳ ಹಿಂದೆ ಒಂದು ಹವ್ಯಾಸಿ ತಂಡಕ್ಕೆ ಹಾಸ್ಯ ನಾಟಕ ಬರೆದುಕೊಟ್ಟಿದ್ದೆ. ಅದರಲ್ಲಿ ಹೀಗೊಂದು ಸಾಲಿತ್ತು: "ಮ್ಯಾನೇಜರ್ ಒದ್ದೆ ನೆಲದ ಮೇಲೆ ಕಾಲಿಟ್ಟು ತಮಾಷೆಯಾಗಿ ಜಾರಿ ಬೀಳುತ್ತಾನೆ. ಎಲ್ಲರೂ ನಗುತ್ತಾರೆ."

ಬರೆಯುವಾಗ ನನಗೇ ನಗು ಬಂದಿತ್ತು. ರಿಹರ್ಸಲ್ ದಿನ ಮ್ಯಾನೇಜರ್ ಪಾತ್ರದ ಹುಡುಗ ನಿಷ್ಠೆಯಿಂದ ಬಿದ್ದ. ಎರಡೂ ಕಾಲು ಮೇಲೆ ಹೋದವು, ಸೊಂಟ ನೆಲಕ್ಕೆ ಬಡಿಯಿತು. ಆ ಸದ್ದು ಹಿಂದಿನ ಗೋಡೆಯವರೆಗೂ ಕೇಳಿಸಿತು. ಕೂತಿದ್ದ ಹತ್ತು ಹನ್ನೆರಡು ಜನ ಒಟ್ಟಿಗೆ "ಅಯ್ಯೋ" ಅಂದರು. ಇಬ್ಬರು ಎದ್ದು ಓಡಿದರು. ಹುಡುಗನಿಗೆ ಏನೂ ಆಗಿರಲಿಲ್ಲ, ಅವನೇ ನಗುತ್ತಾ ಎದ್ದ. ಆದರೆ ನೋಡಿದವರು ಯಾರೂ ನಗಲಿಲ್ಲ. ನಿರ್ದೇಶಕರು ಸ್ಕ್ರಿಪ್ಟ್ ಮೇಲೆ ಬೆರಳಿಟ್ಟು ಕೇಳಿದರು: "ತಮಾಷೆಯಾಗಿ ಅಂತ ಬರೆದಿದ್ದೀಯಲ್ಲ, ಅದನ್ನ ಮಾಡೋದು ಹೇಗೆ ಅಂತ ಎಲ್ಲಿ ಬರೆದಿದ್ದೀಯ?"

ಎಲ್ಲೂ ಬರೆದಿರಲಿಲ್ಲ. ಬೀಳುವುದನ್ನು ಬರೆದರೆ ನಗು ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಆ ಒಂದು ಸಾಲನ್ನು ಸರಿಮಾಡಲು ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರದ ಕತೆಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಆ "ಅಯ್ಯೋ" ಬಗ್ಗೆ. ಯಾರಾದರೂ ಬಿದ್ದ ಕೂಡಲೇ ನೋಡುವವರ ಮನಸ್ಸು ಒಂದೇ ಪ್ರಶ್ನೆ ಕೇಳುತ್ತದೆ: ಪೆಟ್ಟಾಯಿತಾ? ಉತ್ತರ ಬರುವ ತನಕ ಉಸಿರು ಬಿಗಿಯಾಗಿರುತ್ತದೆ. "ಇಲ್ಲ" ಅಂತ ಗೊತ್ತಾದ ಕ್ಷಣ ಆ ಬಿಗಿ ಸಡಿಲವಾಗಿ ನಗುವಾಗಿ ಹೊರಗೆ ಬರುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಇದನ್ನು ಸುಳ್ಳು ಎಚ್ಚರಿಕೆಯ ಗಂಟೆ ಎಂಬ ರೀತಿಯಲ್ಲಿ ವಿವರಿಸುತ್ತಾರೆ. ಅಪಾಯ ಅಂತ ಗಾಬರಿಯಾದೆವು, ಆದರೆ ಅಪಾಯ ಇರಲಿಲ್ಲ. ಅದನ್ನು ಸುತ್ತಲಿನವರಿಗೆ ಜೋರಾಗಿ ತಿಳಿಸುವ ಸದ್ದೇ ನಗು. ಅಂದರೆ "ಓಡಿ ಬರಬೇಡಿ, ಏನೂ ಆಗಿಲ್ಲ" ಅಂತ ಸಾರುವುದು. ನಮ್ಮ ರಿಹರ್ಸಲ್‌ನಲ್ಲಿ ಇಬ್ಬರು ಓಡಿ ಬಂದರು ನೋಡಿ. ಅವರಿಗೆ ಗಂಟೆ ನಿಜವಾಗಿಯೇ ಬಾರಿಸಿತ್ತು.

2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಎಂಬ ಇಬ್ಬರು ಸಂಶೋಧಕರು ಇದಕ್ಕೆ ಹತ್ತಿರದ ಮಾತನ್ನೇ ಬೇರೆ ಕಡೆಯಿಂದ ಹೇಳಿದರು. ಒಂದು ಸಂಗತಿ ತಪ್ಪಾಗಿಯೂ ಕಾಣಬೇಕು, ಸರಿಯಾಗಿಯೂ ಕಾಣಬೇಕು, ಅದೂ ಏಕಕಾಲಕ್ಕೆ. ಆಗ ನಗು ಬರುತ್ತದೆ. ಬರೀ ಸರಿಯಾಗಿದ್ದರೆ ಬೋರು. ಬರೀ ತಪ್ಪಾಗಿದ್ದರೆ ಸಂಕಟ. ಬರೆಯುವವನಿಗೆ ಇದರಿಂದ ಸಿಗುವ ಕೆಲಸದ ಪಾಠ ಏನೆಂದರೆ, ಬಿದ್ದದ್ದನ್ನು ತೋರಿಸಿದರೆ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. "ಏನೂ ಆಗಿಲ್ಲ" ಅನ್ನುವ ಸಾಕ್ಷಿಯನ್ನೂ ನಾವೇ ಬರೆಯಬೇಕು, ಮತ್ತು ಬೇಗ ಬರೆಯಬೇಕು. ತಡವಾದರೆ ಗಾಬರಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ನಟ ಎದ್ದು ಕುಣಿದರೂ ಪ್ರಯೋಜನವಿಲ್ಲ.

ಎಲ್ಲ ವಯಸ್ಸಿನವರೂ ಇದಕ್ಕೆ ಯಾಕೆ ನಗುತ್ತಾರೆ ಅನ್ನುವುದಕ್ಕೆ ನನಗೆ ಇಷ್ಟವಾದ ಒಂದು ಲೆಕ್ಕವಿದೆ. ನಡಿಗೆ ಕಲಿಯುವ ಮಕ್ಕಳನ್ನು ಗಮನಿಸಿದ ಒಂದು ಅಧ್ಯಯನದಲ್ಲಿ, 12ರಿಂದ 19 ತಿಂಗಳ ಮಕ್ಕಳು ಗಂಟೆಗೆ ಸರಾಸರಿ 17 ಸಲ ಬಿದ್ದರು. ಗಂಟೆಗೆ 17! ಮಾತು ಕಲಿಯುವುದಕ್ಕೂ ಮುಂಚೆ ನಾವೆಲ್ಲ ಬೀಳುವುದರಲ್ಲಿ ಪಳಗಿದವರು. ಹಾಗಾಗಿ ಬೀಳುವ ದೃಶ್ಯಕ್ಕೆ ಭಾಷೆ ಬೇಡ, ಹಿನ್ನೆಲೆ ಬೇಡ, ಯಾರು ಯಾರ ಮಾವ ಅನ್ನುವ ಗೋಜೂ ಬೇಡ. ನೆಲ ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು.

ಆದರೆ ಎಲ್ಲರೂ ಒಂದೇ ಕಾರಣಕ್ಕೆ ನಗುವುದಿಲ್ಲ. ನಾಲ್ಕು ವರ್ಷದ ಮಗು ಬೀಳುವುದಕ್ಕೇ ನಗುತ್ತದೆ. ಮೇಲಿದ್ದದ್ದು ಕೆಳಗೆ ಬಂತು, ಅಷ್ಟೇ ಅದಕ್ಕೆ ಸಾಕು. ಮತ್ತೆ ಮಾಡು ಅನ್ನುತ್ತದೆ. ದೊಡ್ಡವರು ಬಿದ್ದವನ ಗತ್ತಿಗೆ ನಗುತ್ತಾರೆ. ಅಷ್ಟು ಠೀವಿಯಿಂದ ಬಂದವನು ಹೀಗೆ ಕೂತನಲ್ಲ ಅಂತ. ಇನ್ನು ವಯಸ್ಸಾದವರಲ್ಲಿ ಒಂದು ವಿಚಿತ್ರ ಇದೆ. ಯುವಕ ಬಿದ್ದರೆ ಅವರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ತಮ್ಮ ವಯಸ್ಸಿನ ಪಾತ್ರ ಬಿದ್ದರೆ ಮುಖ ಸಣ್ಣದಾಗುತ್ತದೆ. ಆ ವಯಸ್ಸಿನಲ್ಲಿ ಬೀಳುವುದೆಂದರೆ ಆಸ್ಪತ್ರೆ ಅಂತ ಅವರಿಗೆ ಗೊತ್ತು. ಹಾಗಾಗಿ ಅಜ್ಜನನ್ನು ಬೀಳಿಸಿ ನಗಿಸುತ್ತೇನೆ ಅಂತ ನಾನು ಹೊರಡುವುದಿಲ್ಲ. ಬೀಳಿಸಬೇಕಾದವನು ಗಟ್ಟಿಮುಟ್ಟಾದವನು, ಸ್ವಲ್ಪ ಜಂಬ ಇರುವವನು, ಬಿದ್ದರೂ ಕಳೆದುಕೊಳ್ಳುವುದು ಮರ್ಯಾದೆ ಒಂದನ್ನೇ ಅನ್ನುವಂಥವನು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಗೊತ್ತಲ್ವಾ? ಅದರಲ್ಲಿ ಬೀಳುವ ಹಾಸ್ಯದ ಪೂರ್ತಿ ನಕಾಶೆ ಇದೆ ಅಂತ ನನಗೆ ಆ ಮೂರು ವಾರದಲ್ಲಿ ಹೊಳೆಯಿತು. ಗಾದೆಯಲ್ಲಿ ಬೀಳುವವನು ಸಾಮಾನ್ಯ ಮನುಷ್ಯನಲ್ಲ, ಜಟ್ಟಿ. ಬಿದ್ದದ್ದಕ್ಕೆ ಕೊಟ್ಟಿರುವುದು ಎರಡೇ ಪದ. ನಗು ಇರುವುದು ಮೀಸೆಯಲ್ಲಿ. ಅಂದರೆ ಬಿದ್ದ ಮೇಲೆ ಅವನು ಏನನ್ನು ಉಳಿಸಿಕೊಳ್ಳಲು ಒದ್ದಾಡುತ್ತಾನೆ ಅನ್ನುವುದರಲ್ಲಿ. ನನ್ನ ಮೊದಲ ಸಾಲಿನಲ್ಲಿ ಜಟ್ಟಿಯೂ ಇರಲಿಲ್ಲ, ಮೀಸೆಯೂ ಇರಲಿಲ್ಲ. ನಡುವಿನ ಎರಡು ಪದ ಮಾತ್ರ ಇತ್ತು.

ಬೀಳುವುದಕ್ಕೆ ಮುಂಚಿನ ಭಾಗ ಹೇಗಿರಬೇಕು ಅಂತ ನೋಡಲು ಸಿನಿಮಾದ ಹುಟ್ಟಿನ ತನಕ ಹೋಗಬಹುದು. 1895ರಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಒಂದು ತುಣುಕು ಒಂದು ನಿಮಿಷಕ್ಕೂ ಕಡಿಮೆ. ತೋಟಗಾರ ಪೈಪ್ ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಾನೆ. ಹಿಂದಿನಿಂದ ಹುಡುಗನೊಬ್ಬ ಬಂದು ಪೈಪ್ ಮೇಲೆ ಕಾಲಿಡುತ್ತಾನೆ. ನೀರು ನಿಲ್ಲುತ್ತದೆ. ತೋಟಗಾರ ಪೈಪಿನ ಬಾಯಿಯನ್ನು ಮುಖದ ಹತ್ತಿರ ತಂದು ಇಣುಕುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಇಲ್ಲಿ ನಾನು ಗಮನಿಸುವುದು ಒಂದೇ. ನೀರು ಮುಖಕ್ಕೆ ಹಾರುವ ಮುಂಚೆಯೇ ನೋಡುವವರಿಗೆ ಎಲ್ಲ ಗೊತ್ತಿದೆ. ತೋಟಗಾರನಿಗೆ ಮಾತ್ರ ಗೊತ್ತಿಲ್ಲ. ಅವನು ಇಣುಕುವ ಆ ಎರಡು ಸೆಕೆಂಡ್ ಇಡೀ ತುಣುಕಿನ ಜೀವಾಳ. ಹುಡುಗ ಕಾಲಿಟ್ಟದ್ದನ್ನು ತೋರಿಸದೆ ನೀರು ಹಾರಿಸಿದ್ದರೆ ಬೆಚ್ಚುತ್ತಿದ್ದೆವು, ನಗುತ್ತಿರಲಿಲ್ಲ.

ಬಿದ್ದ ಮೇಲಿನ ಭಾಗಕ್ಕೆ ಮೂಕಿ ಸಿನಿಮಾ ಕಾಲದ ಹಾಸ್ಯನಟ ಬಸ್ಟರ್ ಕೀಟನ್ ಗುರು. ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ರಂಗದ ಮೇಲಿದ್ದವನು. ಆಟದಲ್ಲಿ ಅಪ್ಪ ಅವನನ್ನು ಎತ್ತಿ ಎಸೆಯುತ್ತಿದ್ದ. ಹಿಡಿಯಲು ಅನುಕೂಲವಾಗಲಿ ಅಂತ ಅಂಗಿಗೆ ಹಿಡಿಕೆ ಹೊಲಿದಿದ್ದರಂತೆ. ಬಿದ್ದ ಮೇಲೆ ತಾನು ನಕ್ಕರೆ ಜನ ನಗುವುದಿಲ್ಲ, ತಾನು ಮುಖದಲ್ಲಿ ಏನೂ ತೋರಿಸದಿದ್ದರೆ ಜಾಸ್ತಿ ನಗುತ್ತಾರೆ ಅಂತ ಅವನು ಆಗಲೇ ಕಂಡುಕೊಂಡ. ಮುಂದೆ ಸಿನಿಮಾದಲ್ಲಿ ಅದೇ ಕಲ್ಲುಮುಖ ಅವನ ಗುರುತಾಯಿತು. ಆದರೆ ಆ ಮುಖದ ಜೊತೆಗೆ ದೇಹ ಏನು ಮಾಡುತ್ತಿತ್ತು ನೋಡಿ. ಬಿದ್ದವನು ಪುಟಿದೇಳುತ್ತಿದ್ದ, ಬಿಟ್ಟ ಕೆಲಸ ಮುಂದುವರಿಸುತ್ತಿದ್ದ. ಪೆಟ್ಟಾಗಿಲ್ಲ ಅನ್ನುವ ಸಾಕ್ಷಿ ಕೈಕಾಲಿನಿಂದ ಬರುತ್ತಿತ್ತು, ಆದದ್ದನ್ನು ಒಪ್ಪಿಕೊಳ್ಳದ ಹಟ ಮುಖದಿಂದ. ಇದು ಗೊತ್ತಾದ ಮೇಲೆ ನನ್ನ ಸ್ಕ್ರಿಪ್ಟಿನ "ಎಲ್ಲರೂ ನಗುತ್ತಾರೆ" ಎಷ್ಟು ದೊಡ್ಡ ತಪ್ಪು ಅಂತ ಕಂಡಿತು. ವೇದಿಕೆಯ ಮೇಲಿನವರು ನಕ್ಕುಬಿಟ್ಟರೆ ಕೆಳಗೆ ಕೂತವರಿಗೆ ಉಳಿಯುವುದೇನು? ಜೊತೆಗೆ, ಹತ್ತು ಜನ ಒಬ್ಬನನ್ನು ನೋಡಿ ನಗುತ್ತಿದ್ದರೆ ನಮಗೆ ಆ ಒಬ್ಬನ ಮೇಲೆ ಕನಿಕರ ಬರುತ್ತದೆ.

ಇನ್ನೊಂದು ಸಂಗತಿ ಸದ್ದು. ಬೀಳುವ, ಹೊಡೆಯುವ ಈ ಹಾಸ್ಯಕ್ಕೆ ಸ್ಲ್ಯಾಪ್‌ಸ್ಟಿಕ್ ಅನ್ನುವ ಹೆಸರು ಬಂದದ್ದೇ ಒಂದು ಸದ್ದಿನ ಸಾಧನದಿಂದ. ಇಟಲಿಯ ಹಳೆಯ ಕೊಮ್ಮೆಡಿಯಾ ದೆಲ್ಲಾರ್ತೆ ನಾಟಕಗಳಲ್ಲಿ ಎರಡು ತೆಳು ಮರದ ಪಟ್ಟಿಗಳನ್ನು ಒಂದು ಕಡೆ ಜೋಡಿಸಿದ ಕೋಲು ಇರುತ್ತಿತ್ತು. ಹೊಡೆದರೆ ಪಟ್ಟಿಗಳು ಒಂದಕ್ಕೊಂದು ಬಡಿದು ಫಟಾರ್ ಅನ್ನುತ್ತಿತ್ತು. ಪೆಟ್ಟು ಮಾತ್ರ ಅಷ್ಟಿಲ್ಲ. ಸದ್ದು ದೊಡ್ಡದು, ನೋವು ಚಿಕ್ಕದು. ಈ ಅಳತೆಯನ್ನು ಉಳಿಸಿಕೊಳ್ಳಬೇಕು. ನಮ್ಮ ಹುಡುಗ ಬಿದ್ದಾಗ ಕೇಳಿಸಿದ್ದು ಮೂಳೆಯ ಸದ್ದು. ಮಂದ, ಭಾರ, ಒಳಗಿನಿಂದ ಬಂದದ್ದು. ಆ ಸದ್ದಿಗೆ ಯಾರೂ ನಗುವುದಿಲ್ಲ.

ಈ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರು ಪುಣ್ಯವಂತರು. ನಮ್ಮ ಹತ್ತಿರ ದೊಪ್ಪನೆ, ಧಡಾರನೆ, ಪಟಾರನೆ, ಸರ್ರನೆ, ಠಣಾರನೆ, ಗಿರಗಿರ ಅಂತ ಒಂದು ದೊಡ್ಡ ಮೂಟೆಯೇ ಇದೆ. ಇವೆಲ್ಲ ಒಂದೇ ಅಲ್ಲ. "ಧಡಾರನೆ ಬಿದ್ದ" ಅಂದರೆ ಏನೋ ಮುರಿದಿದೆ ಅನ್ನಿಸುತ್ತದೆ. "ದೊಪ್ಪನೆ ಕೂತ" ಅಂದರೆ ಮೆತ್ತಗಿನ ಜಾಗ ನೆಲ ಮುಟ್ಟಿದೆ, ಪರವಾಗಿಲ್ಲ. ನಟನಿಗೆ ಮತ್ತು ಸದ್ದು ಕೊಡುವವನಿಗೆ ಈ ಒಂದು ಪದ ಒಂದು ಪ್ಯಾರಾದಷ್ಟು ಹೇಳುತ್ತದೆ. ಹಾಗಾಗಿ ಬರೆಯುವಾಗ ಅದನ್ನು ಅಲಂಕಾರಕ್ಕೆ ಅಂತ ಹಾಕದೆ, ಎಷ್ಟು ಭಾರ ಬಿತ್ತು ಅಂತ ಯೋಚಿಸಿ ಹಾಕುತ್ತೇನೆ.

ಈಗ ದೃಶ್ಯಕ್ಕೆ ಬರೋಣ. ಮೂರನೇ ವಾರದ ಕೊನೆಗೆ ನನ್ನ ಒಂದು ಸಾಲು ಹೀಗಾಯಿತು.

ಕಚೇರಿಯ ಕಾರಿಡಾರ್. ಈಗಷ್ಟೇ ಒರೆಸಿದ ನೆಲ. ಒದ್ದೆ ಮುಗಿಯುವಲ್ಲಿ, ಗುಡಾರದಂತೆ ಮಡಚಿ ನಿಲ್ಲಿಸುವ ಹಳದಿ ಬೋರ್ಡ್: "ಎಚ್ಚರ, ನೆಲ ಒದ್ದೆ ಇದೆ."

ಮ್ಯಾನೇಜರ್ ಬರುತ್ತಾನೆ. ಕೈಯಲ್ಲಿ ತುಂಬಿದ ಕಾಫಿ ಕಪ್ಪು, ಸಾಸರ್.

ಗುಮಾಸ್ತ ಎದುರಿನಿಂದ ಅವಸರದಲ್ಲಿ ಬರುತ್ತಾನೆ. ಮ್ಯಾನೇಜರ್ ತಡೆದು: "ರೀ, ಬೋರ್ಡ್ ಇಟ್ಟಿರೋದು ಯಾಕೆ? ಓದೋಕೆ."

ಗುಮಾಸ್ತ ಗೋಡೆಗೆ ಅಂಟಿಕೊಂಡು ದಾಟುತ್ತಾನೆ. ದಾಟಿ, ಅಲ್ಲೇ ನಿಂತು ನೋಡುತ್ತಾನೆ.

ಮ್ಯಾನೇಜರ್ ಪ್ಯಾಂಟಿನ ತುದಿ ಎತ್ತಿಕೊಳ್ಳುತ್ತಾನೆ. ತುದಿಗಾಲಲ್ಲಿ ಒಂದು ಹೆಜ್ಜೆ. ಎರಡು.

ಜಾರುತ್ತಾನೆ. ಇಲ್ಲ, ಜಾರಲಿಲ್ಲ.

ಮೂರನೇ ಹೆಜ್ಜೆ. ಒಣ ನೆಲ. ಬೋರ್ಡನ್ನೂ ದಾಟಿ ನಿಲ್ಲುತ್ತಾನೆ.

ಗುಮಾಸ್ತನ ಕಡೆ ತಿರುಗಿ: "ನೋಡಿದ್ರಾ? ಹೀಗೆ."

ಮೆಚ್ಚುಗೆಗೆ ಕಾಯುತ್ತಾ ಒಂದು ಹೆಜ್ಜೆ ಮುಂದೆ ಇಡುತ್ತಾನೆ. ಕಣ್ಣು ಗುಮಾಸ್ತನ ಮೇಲೆ. ಕಾಲು ಬೋರ್ಡಿನೊಳಗೆ.

ಬೋರ್ಡ್ ಪಟಾರನೆ ಮುಚ್ಚಿಕೊಳ್ಳುತ್ತದೆ.

ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾನೆ. ಮತ್ತೆ ಕುಪ್ಪಳಿಸುತ್ತಾನೆ. ದೊಪ್ಪನೆ ಕೂರುತ್ತಾನೆ. ಕಪ್ಪು ತಲೆಯ ಮೇಲೆತ್ತಿದ ಕೈಯಲ್ಲಿ ನೆಟ್ಟಗಿದೆ.

ಕಪ್ಪನ್ನು ಕೆಳಗಿಳಿಸಿ ನೋಡುತ್ತಾನೆ. ಒಂದು ಹನಿಯೂ ಚೆಲ್ಲಿಲ್ಲ. ಒಂದು ಗುಟುಕು ಕುಡಿಯುತ್ತಾನೆ.

ಗುಮಾಸ್ತ: "ಸಾರ್, ಪೆಟ್ಟಾಯ್ತಾ?"

ಮ್ಯಾನೇಜರ್: "ಪೆಟ್ಟಾ? ಬೋರ್ಡ್ ತಪ್ಪು ಜಾಗದಲ್ಲಿ ಇಟ್ರೆ ಏನಾಗುತ್ತೆ ಅಂತ ತೋರಿಸಿದೆ."

ಏಳುತ್ತಾನೆ. ಕೋಟು ಸರಿಮಾಡಿಕೊಳ್ಳುತ್ತಾನೆ. ಗತ್ತಿನಿಂದ ಹೊರಗೆ ನಡೆಯುತ್ತಾನೆ. ಬೋರ್ಡ್ ಕಾಲಿನಲ್ಲೇ ಇದೆ. ಟಕ್. ಟಕ್. ಟಕ್.

ಹೊರಗಿನಿಂದ ಠಣಾರ್. ಸಾಸರ್ ಗಿರಗಿರ ತಿರುಗಿ ನಿಲ್ಲುವ ಸದ್ದು.

ಮ್ಯಾನೇಜರನ ದನಿ: "ಏನೂ ಆಗಿಲ್ಲ!"

ಎಣಿಸಿ ನೋಡಿ. ಬೀಳುವುದಕ್ಕೆ ಕೊಟ್ಟಿರುವುದು ಎರಡು ಪದ, "ದೊಪ್ಪನೆ ಕೂರುತ್ತಾನೆ." ಉಳಿದದ್ದೆಲ್ಲ ಅದರ ಹಿಂದೆ ಮುಂದೆ ಇದೆ.

ಒದ್ದೆ ನೆಲದಲ್ಲೇ ಬೀಳಿಸಲಿಲ್ಲ ಯಾಕೆ ಅಂತ ಕೇಳಬಹುದು. ಬಾಳೆಹಣ್ಣಿನ ಸಿಪ್ಪೆ ತೋರಿಸಿ ಅದರ ಮೇಲೇ ಜಾರಿಸಿದರೆ ಮಕ್ಕಳು ನಗುತ್ತಾರೆ, ದೊಡ್ಡವರು ಮೊದಲೇ ಊಹಿಸಿರುತ್ತಾರೆ. ನೋಡುವವನ ಊಹೆಯನ್ನು ಪೂರ್ತಿ ಸುಳ್ಳು ಮಾಡಿದರೂ ಕಷ್ಟ, ಅವನಿಗೆ ಮೋಸ ಅನ್ನಿಸುತ್ತದೆ. ಅದಕ್ಕೆ ಬೀಳುವುದು ಖಂಡಿತ ಅನ್ನುವುದನ್ನು ಉಳಿಸಿಕೊಂಡು, ಯಾವುದರಿಂದ ಅನ್ನುವುದನ್ನು ಮಾತ್ರ ಬದಲಿಸಿದೆ. ಬೋರ್ಡ್ ಮೊದಲ ಸಾಲಿನಿಂದ ಕಣ್ಣೆದುರೇ ಇದೆ. ಅವನೇ ಅದನ್ನು ತೋರಿಸಿ ಬುದ್ಧಿ ಹೇಳಿದ್ದಾನೆ. ಕೊನೆಗೆ ಅದೇ ಕಾಲು ಹಿಡಿಯುತ್ತದೆ. ಹೊಸ ವಸ್ತು ಯಾವುದೂ ಕೊನೆ ಗಳಿಗೆಯಲ್ಲಿ ಒಳಗೆ ಬರುವುದಿಲ್ಲ.

ಕಪ್ಪು ಎರಡು ಕೆಲಸ ಮಾಡುತ್ತದೆ. ನೋಡುವವರ ಚಿಂತೆಯನ್ನು ಮನುಷ್ಯನ ಸೊಂಟದಿಂದ ಕಾಫಿಯ ಕಡೆ ತಿರುಗಿಸುತ್ತದೆ. ಚೆಲ್ಲುತ್ತಾ ಇಲ್ಲವಾ ಅಂತ ನೋಡುತ್ತಿರುವಾಗ "ಪೆಟ್ಟಾಯಿತಾ" ಅನ್ನುವ ಪ್ರಶ್ನೆ ಹಿಂದೆ ಸರಿಯುತ್ತದೆ. ಮತ್ತೆ, ಗುಟುಕು ಕುಡಿಯುವುದೇ ಅವನು ಚೆನ್ನಾಗಿದ್ದಾನೆ ಅನ್ನುವ ಸಾಕ್ಷಿ. ನೋವಾದವನು ಕಾಫಿ ಕುಡಿಯುವುದಿಲ್ಲ. ಅದು ಅವನ ಮೀಸೆಯೂ ಹೌದು.

ಬರೆದ ರೀತಿ ಬಗ್ಗೆಯೂ ಒಂದು ಮಾತು. ಒಂದು ಪುಟಕ್ಕೆ ಒಂದು ನಿಮಿಷ ಅಂತ ಸ್ಕ್ರಿಪ್ಟಿನವರು ಹೇಳುತ್ತಾರೆ. ಮಾತಿನ ದೃಶ್ಯಕ್ಕೆ ಅದು ಸುಮಾರಾಗಿ ಸರಿ. ಬೀಳುವ ದೃಶ್ಯವನ್ನು ಒಂದೇ ಪ್ಯಾರಾದಲ್ಲಿ ಒತ್ತಿ ಬರೆದರೆ ಆ ಲೆಕ್ಕ ಕೈಕೊಡುತ್ತದೆ. ಓದುವವನು ಓಡಿಸಿಕೊಂಡು ಓದುತ್ತಾನೆ, ನಟನೂ ಓಡಿಸಿಕೊಂಡು ಮಾಡುತ್ತಾನೆ. ಅದಕ್ಕೆ ಒಂದು ಕ್ರಿಯೆ ಅಥವಾ ಒಂದು ನೋಟಕ್ಕೆ ಒಂದು ಸಾಲು ಬಿಡುತ್ತೇನೆ. ನಡುವಿನ ಖಾಲಿ ಜಾಗ ಕಾಯುವ ಸಮಯ. "ಜಾರುತ್ತಾನೆ. ಇಲ್ಲ, ಜಾರಲಿಲ್ಲ." ಅನ್ನುವುದನ್ನು ಓದುವಾಗಲೇ ಕಣ್ಣು ಒಮ್ಮೆ ಎಡವಬೇಕು. ಆದರೆ ಮೊಣಕೈ ಎಲ್ಲಿ, ಹುಬ್ಬು ಎಲ್ಲಿ ಅಂತ ಬರೆಯಲು ಹೋಗುವುದಿಲ್ಲ. ಅದು ನಟನ ಕೆಲಸ. ನಾನು ಬರೆಯಬೇಕಾದದ್ದು ಅವನಿಗೆ ಏನು ಬೇಕಾಗಿದೆ, ಕೈಯಲ್ಲಿ ಏನಿದೆ, ಕಣ್ಣು ಎಲ್ಲಿದೆ, ಯಾವುದು ಅವನನ್ನು ಬೀಳಿಸಿತು, ಯಾವ ಸ್ಥಿತಿಯಲ್ಲಿ ನಿಂತ ಅಥವಾ ಕೂತ. ಅಷ್ಟೇ.

ಸುರಕ್ಷತೆಯನ್ನೂ ಬರಹದಲ್ಲೇ ಅರ್ಧ ಮಾಡಿಬಿಡಬಹುದು. ವೇದಿಕೆಯ ಮೇಲೆ ನೆಲ ನಿಜವಾಗಿ ಒದ್ದೆ ಇರಬಾರದು. ಬಕೆಟ್ಟು, ಹಿಂಡುವ ಬಟ್ಟೆ ಕಂಡರೆ ಸಾಕು, ಒದ್ದೆ ಅಂತ ಜನ ನಂಬುತ್ತಾರೆ. ಜಾರುವುದು ನಟನ ಕಾಲಿನ ಅಭಿನಯ, ನೀರಿನ ಕೆಲಸ ಅಲ್ಲ. ಎರಡೂ ಕಾಲು ಮೇಲೆ ಹೋಗುವಂತೆ ಬರೆಯದೆ ಒಂಟಿ ಕಾಲಲ್ಲಿ ಕುಪ್ಪಳಿಸುವಂತೆ ಬರೆದದ್ದಕ್ಕೂ ಕಾರಣ ಇದೆ. ನಿಂತ ಕಾಲಿನ ಮಂಡಿ ಮಡಿಸುತ್ತಾ ಹೋದರೆ ದೇಹ ನೆಲಕ್ಕೆ ಹತ್ತಿರವಾಗುತ್ತದೆ. ಕೊನೆಗೆ ಬೀಳಬೇಕಾದ ಎತ್ತರ ಒಂದು ಗೇಣು ಉಳಿಯುತ್ತದೆ. ಬಾಲದ ಮೂಳೆಯ ಮೇಲೆ ಕೂರದೆ, ಒಂದು ಪಕ್ಕದ ಪೃಷ್ಠದ ಮಾಂಸದ ಮೇಲೆ ಇಳಿಯಬೇಕು. ಗದ್ದ ಎದೆಯ ಕಡೆ ಇರಬೇಕು. ಖಾಲಿ ಕೈಯ ಅಂಗೈ ನೆಲಕ್ಕೆ ಬಡಿದರೆ ಸದ್ದು ಬರುತ್ತದೆ, ಮಣಿಕಟ್ಟು ಊರಿದರೆ ಮುರಿಯಬಹುದು. ಇಷ್ಟನ್ನು ನಮ್ಮ ಹುಡುಗ ಚಾಪೆಯ ಮೇಲೆ ಗೊತ್ತಿದ್ದವರೊಬ್ಬರ ಹತ್ತಿರ ನಾಲ್ಕು ದಿನ ಕಲಿತ. ಕಪ್ಪಿನಲ್ಲಿ ಕಾಫಿ ಇರಲಿಲ್ಲ. ಬೋರ್ಡ್ ತೆಳು ರಟ್ಟಿನದು.

ಸರಿಯಾಯಿತಾ ಇಲ್ಲವಾ ಅಂತ ತಿಳಿಯಲು ನಾನು ಕೇಳಿಸಿಕೊಳ್ಳುವುದು ಬಿದ್ದ ಮೇಲಿನ ಒಂದು ಸೆಕೆಂಡನ್ನು. "ಅಯ್ಯೋ" ಬಂದರೆ ಪೆಟ್ಟು ಜಾಸ್ತಿ ಕಾಣುತ್ತಿದೆ, ಸದ್ದು ಕಡಿಮೆ ಮಾಡಬೇಕು ಅಥವಾ ಬೇಗ ಕಪ್ಪು ನೋಡಬೇಕು. ಮೌನ ಬಂದರೆ ಏನಾಯಿತು ಅಂತ ಅವರಿಗೆ ಕಂಡಿಲ್ಲ, ಬೋರ್ಡ್ ಸರಿಯಾದ ಜಾಗದಲ್ಲಿ ಇಲ್ಲ. ಬೀಳುವ ಮುಂಚೆಯೇ, ಅವನು "ಹೀಗೆ" ಅಂದಾಗಲೇ, ಎಲ್ಲೋ ಒಂದೆರಡು ನಗು ಶುರುವಾದರೆ ಎಲ್ಲ ಸರಿಯಾಗಿದೆ.

ಮೊದಲ ಪ್ರದರ್ಶನದಲ್ಲಿ ಆ ಒಂದೆರಡು ನಗು ಕೇಳಿಸಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿ "ಬೋರ್ಡು, ಬೋರ್ಡು" ಅಂತ ಮ್ಯಾನೇಜರಿಗೆ ಎಚ್ಚರಿಕೆ ಕೊಡತೊಡಗಿದಳು. ಅವಳ ಅಪ್ಪ ಅವಳ ಬಾಯಿ ಮುಚ್ಚಲು ಹೋಗಿ ತಾವೇ ನಕ್ಕರು.

ಎರಡನೇ ಪ್ರದರ್ಶನಕ್ಕೆ ನಿರ್ದೇಶಕರು ಕೊನೆಯ "ಏನೂ ಆಗಿಲ್ಲ!" ತೆಗೆಸಿದರು. ಸಾಸರ್ ಸದ್ದಿಗೇ ಮುಗಿಸಿದರೆ ಚುರುಕಾಗಿರುತ್ತದೆ ಅಂತ ಅವರ ವಾದ. ನನಗೂ ಸರಿ ಅನ್ನಿಸಿತ್ತು. ಅವತ್ತು ಠಣಾರ್ ಅಂತು, ಸಾಸರ್ ತಿರುಗಿ ನಿಂತಿತು, ಸಭೆ ಸುಮ್ನೆ ಕೂತಿತು. ಕಾಣದ ಜಾಗದಲ್ಲಿ ಬಿದ್ದವನಿಗೆ ಏನಾಯಿತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಎದುರಿಗೆ ಬಿದ್ದಾಗ ಕಾಫಿ ಕುಡಿದು ತೋರಿಸಿದ್ದ, ಇಲ್ಲಿ ತೋರಿಸಲು ಇರುವುದು ದನಿ ಒಂದೇ. ಮೂರನೇ ಪ್ರದರ್ಶನಕ್ಕೆ ಸಾಲು ವಾಪಸ್ ಬಂತು. ಹುಡುಗ ಅದನ್ನು ಹೇಳುವುದಕ್ಕೆ ಮುಂಚೆ ಈಗ ಒಂದು ಉಸಿರು ಜಾಸ್ತಿ ಕಾಯುತ್ತಾನೆ.